ಮಂಡ್ಯದ ಸೊಸೆ, ಗದಗಿನ ಅತ್ತೆಮನೆ: ಎಲ್ಲರೂ ನಗ್ತಾರೆ, ನಾನೊಬ್ಬಳೇ ಸುಮ್ನೆ ಕೂತಿರ್ತೀನಿ

ಕಾವೇರಿ_ಕಡೆಯವಳು

ನಾನು ಮಂಡ್ಯದವಳು. ಗಂಡ ಗದಗ ಹತ್ತಿರದ ಹಳ್ಳಿಯವರು. ಇಬ್ಬರೂ ಬೆಂಗಳೂರಲ್ಲಿ ಕೆಲಸ ಮಾಡ್ತಾ ಪರಿಚಯ ಆಗಿ ಮದುವೆ ಆದವರು. ಜಾತಿ ಬೇರೆ. ಅವರ ಮನೆಯಲ್ಲಿ ಮಾಂಸ ತಿನ್ನಲ್ಲ, ನಮ್ಮದು ಬಾಡೂಟದ ಮನೆ. ಇಷ್ಟೆಲ್ಲ ಇದ್ದರೂ ಮದುವೆಗೆ ಯಾರೂ ಅಡ್ಡ ಬರಲಿಲ್ಲ. ಅತ್ತೆ ಮಾವ ಇಬ್ಬರೂ ಒಳ್ಳೆಯವರು. ಇದನ್ನ ಮೊದಲೇ ಹೇಳ್ತೀನಿ, ಯಾಕಂದ್ರೆ ಇದು ದೂರು ಅಲ್ಲ.

ತೊಂದರೆ ಇರೋದು ಮಾತಿನಲ್ಲಿ. ಊರಿಗೆ ಹೋದಾಗ ಅಡುಗೆಮನೆಯಲ್ಲಿ ಅತ್ತೆ, ದೊಡ್ಡವ್ವ, ಚಿಗವ್ವ, ನಾದಿನಿ ಎಲ್ಲ ಸೇರಿ ರೊಟ್ಟಿ ಬಡೀತಾರೆ. ಮಾತು ಒಂದೇ ಸಮನೆ ಹರೀತಿರುತ್ತೆ. ಇದ್ದಕ್ಕಿದ್ದಂತೆ ಎಲ್ಲರೂ ನಗ್ತಾರೆ. ಏನಾಯ್ತು ಅಂತ ನನಗೆ ತಿಳಿಯೋ ಹೊತ್ತಿಗೆ ಮಾತು ಮುಂದೆ ಹೋಗಿರುತ್ತೆ. ಕೆಲವು ಸಲ ಅದು ನನ್ನ ಮೇಲಿನದೇ ಅಂತ ಗೊತ್ತಾಗುತ್ತೆ. ನಾನು ಬಡಿದ ಮೊದಲ ರೊಟ್ಟಿ ನೋಡಿ ಚಿಗವ್ವ, "ಇದೇನವಾ, ಶ್ರೀಲಂಕಾದ ನಕಾಶಿ ಬರದಿ?" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನೆಲ ನೋಡ್ತಾ ಕೂತೆ. "ಮುದ್ದಿ ನುಂಗಾಕಿಗೆ ರೊಟ್ಟಿ ಹೆಂಗ ಬರಬೇಕು" ಅಂತ ಇನ್ನೊಬ್ಬರು.

ಏಕವಚನವೂ ಒಂದು ಕಷ್ಟ. ನನ್ನ ಗಂಡ ಅವರಮ್ಮನಿಗೆ "ನೀ ಸುಮ್ನಿರವಾ" ಅಂತಾರೆ. ಮೈದುನ ನನಗೇ "ಬಾ ವೈನಿ, ಕುಂದ್ರು" ಅಂತಾನೆ. ನಾನು ಎಲ್ಲರಿಗೂ "ಬನ್ನಿ, ಕೂತ್ಕೊಳ್ಳಿ" ಅಂತಲೇ ಹೇಳೋದು. ಆದ್ರೂ ನನಗೆ ಗತ್ತು ಜಾಸ್ತಿ ಅಂತ ಒಂದು ಮಾತು ಹಬ್ಬಿದೆ ಅಂತ ಗಂಡನಿಂದ ಗೊತ್ತಾಯ್ತು. ಗೌರವ ಕೊಟ್ಟಿದ್ದಕ್ಕೆ ಗತ್ತು!

ಈಗ ಏಳನೇ ತಿಂಗಳು. ಮುಂದಿನ ವಾರ ಊರಲ್ಲಿ ಕುಬಸ, ನಮ್ಮ ಕಡೆ ಸೀಮಂತ ಅಂತೀವಲ್ಲ, ಅದು. ನೂರಾರು ಜನ ಬರ್ತಾರಂತೆ. ಎಲ್ಲರ ಮುಂದೆ ಗಂಡನ ಹೆಸರನ್ನ ಒಡಪು ಕಟ್ಟಿ ಹೇಳಬೇಕಂತೆ. ನಮ್ಮಪ್ಪ ಅಮ್ಮನೂ ಬರ್ತಾರೆ. ನನಗೆ ಹೊಟ್ಟೆಯಲ್ಲಿ ಮಗುಗಿಂತ ಜಾಸ್ತಿ ಭಯವೇ ಓಡಾಡ್ತಿದೆ. ಆ ಕಡೆಯವರು, ಆ ಕಡೆಗೆ ಸೊಸೆಯಾಗಿ ಹೋದವರು ಯಾರಾದ್ರೂ ಇದ್ದರೆ ಹೇಳಿ.

ವಿನಯ್_ಹುಬ್ಬಳ್ಳಿ

ಅಕ್ಕಾ, ಸಿಂಪಲ್. ನಮ್ಮ ಕಡೆ ಏಕವಚನ ಅಂದ್ರೆ ಪ್ರೀತಿ. ನೀವು "ಬನ್ನಿ ಹೋಗಿ" ಅಂತ ಮಾತಾಡಿದ್ರೆ ನಮಗೆ ಬ್ಯಾಂಕಿನ ಕೌಂಟರ್ ಮುಂದೆ ನಿಂತಂಗೆ ಆಗುತ್ತೆ. ನಾಳೆಯಿಂದ ಎಲ್ಲರಿಗೂ ನೀ, ಬಾ, ಹೋಗು ಶುರು ಮಾಡಿ. ಲೇ ಅಂತಲೂ ಅನ್ನಿ. ಒಂದೇ ದಿನದಲ್ಲಿ ಮನೆ ಮಗಳಾಗ್ತೀರಿ. ನಾವು ಗೆಳೆಯರು ಬೈಗುಳ ಇಲ್ಲದೆ ಮಾತೇ ಶುರು ಮಾಡಲ್ಲ.

ಗದಗಿನ_ಅಕ್ಕಾರು

ವಿನಯ್, ಪಾಪ ಆ ಹುಡುಗಿ ನಿನ್ನ ಮಾತು ಕೇಳಿ ಮಾವನಿಗೆ "ಬಾರಲೇ" ಅಂದ್ರೆ ಕುಬಸದ ದಿನ ಪಂಚಾಯ್ತಿ ಸೇರಬೇಕಾಗುತ್ತೆ!

ನಾನು ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಮನೆಗೆ ಬಂದ ಮೂವರು ಸೊಸೆಯರಲ್ಲಿ ಒಬ್ಬಳು ತುಮಕೂರಿನವಳು. ಹಾಗಾಗಿ ಈ ಆಟ ಎರಡೂ ಕಡೆಯಿಂದ ನೋಡಿದ್ದೀನಿ.

ಮೊದಲು ಏಕವಚನದ ವಿಷಯ. ಮಕ್ಕಳು ತಾಯಿಗೆ "ನೀ" ಅನ್ನೋದು ನಿಜ. ಅಜ್ಜಿಗೂ ಅಂತಾರೆ. ಆದ್ರೆ ಸೊಸೆ ಅತ್ತೆಗೆ ಹಾಗೆ ಅನ್ನಲ್ಲ. ಮಾವನಿಗೆ, ಭಾವನಿಗೆ ಅಂತೂ ಇಲ್ಲವೇ ಇಲ್ಲ. ಹಾಗಂತ ನಿಮ್ಮ ಕಡೆಯ "ಬನ್ನಿ, ಕೂತ್ಕೊಳ್ಳಿ" ನಮ್ಮ ಕಿವಿಗೆ ಮನೆ ಮಾತಾಗಿ ಕೇಳಲ್ಲ. ಭಾಷಣದಲ್ಲಿ ಹಾಗೆ ಮಾತಾಡ್ತಾರಲ್ಲ, ಹಾಗನ್ನಿಸುತ್ತೆ. ನಮ್ಮ ಗೌರವ ಎಲ್ಲ ಕೊನೆಗೆ ಅಂಟಿಸೋ "ರೀ"ನಲ್ಲಿದೆ. "ಊಟ ಆತೇನ್ರೀ ಅತ್ತಿ?" "ಹೌದ್ರೀ." "ಇಲ್ರೀ." ಇಷ್ಟೇ ಸಾಕು. ನಿಮ್ಮ ಉಚ್ಚಾರ ಬದಲಾಯಿಸೋಕೆ ಹೋಗಬೇಡಿ. ನಿಮ್ಮ ಮಂಡ್ಯದ ಮಾತಿಗೇ "ರೀ" ಸೇರಿಸಿ, "ಊಟ ಆಯ್ತೇನ್ರೀ" ಅನ್ನಿ. ನಮ್ಮ ಹಾಗೇ ಮಾತಾಡೋಕೆ ಹೋದ್ರೆ ಅಣಕಿಸ್ತಿದ್ದೀರಾ ಅಂತ ಅನುಮಾನ ಬರುತ್ತೆ. ತುಮಕೂರಿನ ನನ್ನ ಸೊಸೆ ಇವತ್ತಿಗೂ ತುಮಕೂರಿನ ಕನ್ನಡವೇ ಮಾತಾಡೋದು. ಅದಕ್ಕೊಂದು ರೀ, ಅಷ್ಟೇ.

ಇನ್ನು ನಗು. ಇಲ್ಲಿ ಎಲ್ಲರೂ ಎಲ್ಲರ ಜೊತೆ ಚಾಷ್ಟಿ ಮಾಡಲ್ಲ. ಯಾರು ಯಾರಿಗೆ ಮಾಡಬಹುದು ಅನ್ನೋದು ಸಂಬಂಧದ ಮೇಲೆ ನಿಂತಿದೆ. ಮೈದುನ, ನಾದಿನಿ ನಿಮ್ಮನ್ನ ಚೆನ್ನಾಗಿ ಗೋಳು ಹುಯ್ಕೋತಾರೆ, ನೀವೂ ಅಷ್ಟೇ ಜೋರಾಗಿ ತಿರುಗಿಸಿ ಹೇಳಬಹುದು. ಹೇಳದಿದ್ರೆ ಅವರಿಗೇ ಬೇಜಾರು. ಅಜ್ಜಿ ಇದ್ದರೆ ಅವಳ ಬಾಯಿಗೆ ಬೇಲಿಯೇ ಇಲ್ಲ. ಗಂಡ ಹೆಂಡತಿ ವಿಷಯವನ್ನೂ ಬಿಡಲ್ಲ. ಅಲ್ಲಿ ನಕ್ಕರೆ ಸಾಕು. ದೊಡ್ಡವ್ವ, ಚಿಗವ್ವ ನಿಮಗೆ ಅಂದಾಗ ನೀವು ತಿರುಗಿ ಅವರ ಮೇಲೆ ಹೇಳಬಾರದು. ಉತ್ತರ ನಿಮ್ಮ ಗಂಡನ ಮೇಲೆ ಹಾಕಬೇಕು. ಇದೇ ಕೀಲಿ. ನಕಾಶಿ ಮಾತಿಗೆ ಹೀಗೆ ಅನ್ನಬಹುದಿತ್ತು: "ಹೌದ್ರೀ ಚಿಗವ್ವ, ನಿಮ್ಮ ಮಗ ಭೂಗೋಳದಾಗ ಫೇಲ್ ಆಗಿದ್ರಂತ, ಅದಕ್ಕ ಕಲಿಸ್ತಾ ಇದೀನಿ." ಆಗ ಮನೆ ಎದ್ದು ಕುಣೀತಿತ್ತು. ಅವರ ಹುಡುಗನನ್ನ ಹಂಗಿಸೋ ಹಕ್ಕು ಅಲ್ಲಿ ನಿಮಗೊಬ್ಬರಿಗೇ ಪೂರ್ತಿ ಇರೋದು.

ಮಾವ ಮತ್ತು ಭಾವನ ಹತ್ತಿರ ಚಾಷ್ಟಿ ಬೇಡ. ಅವರೂ ಮಾಡಲ್ಲ. ಅವರು ನಿಮ್ಮ ಹತ್ತಿರ ಮಾತು ಕಡಿಮೆ ಆಡಿದ್ರೆ ಸಿಟ್ಟು ಅಂತ ತಿಳೀಬೇಡಿ. ಅದು ಅವರು ನಿಮಗೆ ಕೊಡೋ ಮರ್ಯಾದೆ. ಮಾವನ ಹತ್ತಿರ ಹೊಲದ ಮಾತು ತೆಗೀರಿ. ಆಗಸ್ಟ್‌ನಲ್ಲಿ ಫೋನ್ ಮಾಡಿದ್ರೆ "ಹೆಸರು ರಾಶಿ ಆಯ್ತೇನ್ರೀ ಮಾವ?" ಅಂತ ಕೇಳಿ. ಅಕ್ಟೋಬರ್ ಹೊತ್ತಿಗೆ "ಕಡ್ಲಿ ಬಿತ್ತಿದ್ರೇನ್ರೀ?" ಅನ್ನಿ. ಆಮೇಲೆ ಫೋನ್ ಇಡೋದು ಕಷ್ಟ ಆಗುತ್ತೆ, ನೋಡ್ತಿರಿ.

ಉಡುಪಿ_ಅಳಿಯ

ನಂದು ಇದಕ್ಕಿಂತ ಕಷ್ಟ ಸ್ವಾಮಿ. ನಿಮ್ಮ ಮನೆಯಲ್ಲಿ ಕನ್ನಡವಾದ್ರೂ ಇದೆ. ನಾನು ಕೋಲಾರದವನು, ಹೆಂಡತಿ ಉಡುಪಿ ಕಡೆ. ಅವರ ಮನೆ ಮಾತು ತುಳು. ನನ್ನ ಕಡೆ ತಿರುಗಿ ಒಂದು ವಾಕ್ಯ ಪುಸ್ತಕದ ಕನ್ನಡದಲ್ಲಿ, "ನೀವು ಊಟ ಮಾಡಿ ಆಯಿತಾ?" ಅಂತ ಕೇಳ್ತಾರೆ. ಆಮೇಲೆ ಆ ಕಡೆ ತಿರುಗಿ ಅರ್ಧ ಗಂಟೆ ತುಳು. ಮಧ್ಯೆ ನಗು. ನನ್ನ ಬಗ್ಗೆಯೇ ಅಂತ ನಾನು ಒಳಗೊಳಗೇ ಉರೀತಿದ್ದೆ. ಒಂದು ಸಲ ಹೆಂಡತಿಯನ್ನ ಹಿಡಿದು ಕೇಳಿದ್ರೆ, ಪಕ್ಕದ ಮನೆಯವರು ತೆಂಗಿನಕಾಯಿ ಕೀಳೋಕೆ ಬಂದವನ ಜೊತೆ ಜಗಳ ಆಡಿದ ಕಥೆಯಂತೆ.

ನಾನು ಒಂದಿಷ್ಟು ಕಲಿತೆ. "ವಣಸ್ ಆಂಡಾ?" ಅಂತ ನಾನೇ ಮೊದಲು ಕೇಳಿದಾಗ ಅತ್ತೆ ಮುಖ ನೋಡಬೇಕಿತ್ತು. ಆದ್ರೆ ಅದರಿಂದ ಇನ್ನೊಂದು ತೊಂದರೆ ಆಯ್ತು. ತುಳು ಬರುತ್ತೆ ಅಂದ್ಕೊಂಡು ಈಗ ಆ ಒಂದು ಕನ್ನಡ ವಾಕ್ಯವನ್ನೂ ನಿಲ್ಲಿಸಿದ್ದಾರೆ!

ಗದಗಿನ_ಅಕ್ಕಾರು

ಉಡುಪಿ ಅಳಿಯಂದಿರೇ, ನಿಮಗೆ ಭಾಷೆ ಬಂದ್ರೆ ಅರ್ಧ ಕೆಲಸ ಆಗುತ್ತೆ. ಈಕೆಗೆ ಭಾಷೆ ಬರುತ್ತೆ, ಅದೇ ಕಷ್ಟ. ಕನ್ನಡ ಬರೋರಿಗೆ ನಮ್ಮ ಮಾತು ತಿಳಿಯಲೇಬೇಕು ಅಂತ ನಮ್ಮವರು ನಂಬಿಬಿಟ್ಟಿರ್ತಾರೆ. ಹಾಗಾಗಿ ಯಾರೂ ನಿಧಾನ ಮಾಡಿ ಹೇಳಲ್ಲ.

ಸುಮಾ_ಎಲ್ಎಲ್‌ಬಿ

ಕ್ಷಮಿಸಿ, ಇಲ್ಲಿ ಯಾರೂ ಮುಖ್ಯ ವಿಷಯ ಹೇಳ್ತಿಲ್ಲ. ಗರ್ಭಿಣಿಯನ್ನ ಅಡುಗೆಮನೆಯಲ್ಲಿ ಕೂರಿಸಿ ಗುಂಪಾಗಿ ಹಂಗಿಸೋದು ಮಾನಸಿಕ ಹಿಂಸೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮಾತಿನ ಹಿಂಸೆಯೂ ಸೇರಿದೆ. ಎಲ್ಲ ದಾಖಲೆ ಇಟ್ಟುಕೊಳ್ಳಿ. ಮಹಿಳಾ ಸಹಾಯವಾಣಿ 181.

ಕಾವೇರಿ_ಕಡೆಯವಳು

ಸುಮಾ ಅವರೇ, ಕಾಳಜಿಗೆ ಥ್ಯಾಂಕ್ಸ್. ಆದ್ರೆ ಅದಲ್ಲ. ನಾನು ಹೋದ ದಿನ ಅತ್ತೆ ನನಗೆ ಅಂತ ಮೆತ್ತಗೆ ಅನ್ನ ಮಾಡಿ ಇಡ್ತಾರೆ. ರೊಟ್ಟಿ ಹೊಟ್ಟೆಗೆ ಭಾರ ಆಗಬಹುದು ಅಂತ. ಹಂಗಿಸೋರು ಹಾಗೆ ಮಾಡಲ್ಲ ಅಲ್ವಾ?

ಅಕ್ಕಾರೇ, ಗಂಡನ ಮೇಲೆ ಹಾಕೋ ಉಪಾಯ ಚೆನ್ನಾಗಿದೆ. ಆದ್ರೆ ಆ ಕ್ಷಣಕ್ಕೆ ನನಗೆ ಏನೂ ಹೊಳೆಯಲ್ಲ. ಆಮೇಲೆ ರಾತ್ರಿ ಮಲಗಿದಾಗ ಒಳ್ಳೊಳ್ಳೆ ಉತ್ತರ ಬರುತ್ತೆ.

ಇನ್ನೊಂದು ವಿಷಯ ಕೇಳಬೇಕು. ಇದು ಮಾತ್ರ ಮನಸ್ಸಲ್ಲಿ ಉಳಿದಿದೆ. ಒಂದು ಸಲ ದೊಡ್ಡವ್ವ, "ಆ ಪಾತ್ರಿ ಮುಟ್ಟಬ್ಯಾಡವಾ, ಕೋಳಿ ವಾಸನಿ ಬಂದೀತು" ಅಂದರು. ಆಗಲೂ ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಇದು ಚಾಷ್ಟಿನಾ?

ನಾದಿನಿ_ವಿಜಯಪುರ

ನಾನು ಇದನ್ನ ಆ ಕಡೆಯಿಂದ ಹೇಳ್ತೀನಿ. ನನ್ನ ಅಣ್ಣನ ಹೆಂಡತಿ ಮೈಸೂರಿನವರು. ಮೊದಲ ಸಲ ಮನೆಗೆ ಬಂದಾಗ ಹೊಸ್ತಿಲಲ್ಲಿ ನಾನು ಬಾಗಿಲು ಹಿಡಿದು ನಿಂತೆ. "ನಿನ್ನ ಮಗಳನ್ನ ನನ್ನ ಮಗನಿಗೆ ಕೊಡ್ತೀನಿ ಅನ್ನು, ಅಂದ್ರೇ ಒಳಗ ಬಿಡ್ತೀನಿ" ಅಂದೆ. ನನಗಿನ್ನೂ ಮದುವೆಯೇ ಆಗಿರಲಿಲ್ಲ! ಅವರು ಗಾಬರಿಯಾಗಿ ನನ್ನ ಅಣ್ಣನ ಮುಖ ನೋಡಿದ್ರು. ಆಮೇಲೆ "ಆಗಲಿ, ಯೋಚನೆ ಮಾಡೋಣ" ಅಂದ್ರು. ನಾವೆಲ್ಲ ತಣ್ಣಗಾಗಿಬಿಟ್ಟೆವು. ಆಟಕ್ಕೆ ಕರೆದರೆ ಅರ್ಜಿ ಸ್ವೀಕರಿಸಿದ ಹಾಗಿತ್ತು ಆ ಉತ್ತರ.

ನಮಗೂ ಭಯ ಇರುತ್ತೆ ವೈನಿ, ಅದನ್ನ ನೀವು ತಿಳೀಬೇಕು. ಬೆಂಗಳೂರು ಮೈಸೂರಿನ ಹುಡುಗಿ ಬರ್ತಾಳೆ ಅಂದ್ರೆ, ನಮ್ಮ ಮಾತು ಒರಟು ಅಂದ್ಕೋತಾಳೇನೋ, ನಮ್ಮ ಮನೆ ಸಗಣಿ ಸಾರಿಸಿದ ನೆಲ ನೋಡಿ ಮೂಗು ಮುಚ್ಚಿಕೋತಾಳೇನೋ ಅಂತ ಮೊದಲೇ ಅಳುಕು. ಅದಕ್ಕೇ ಜಾಸ್ತಿ ನಗ್ತೀವಿ. ನೀವು ನಗದಿದ್ರೆ ಅಳುಕು ನಿಜ ಆಯ್ತು ಅನ್ನಿಸುತ್ತೆ. ಅಲ್ಲಿಂದ "ಗತ್ತು" ಅನ್ನೋ ಮಾತು ಹುಟ್ಟುತ್ತೆ.

ಒಂದು ಉಪಾಯ ಹೇಳ್ತೀನಿ. ರೊಟ್ಟಿ ಬಡಿಯೋಕೆ ಹೋಗಬೇಡಿ, ಅದು ಚಿಕ್ಕಂದಿನಿಂದ ಕೈಗೆ ಬರಬೇಕು. ಬೇಯಿಸೋ ಕೆಲಸ ತಗೊಳ್ಳಿ. ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಬೇಕು. ನೀರು ಆರೋ ಹೊತ್ತಿಗೆ ತಿರುವಿ ಹಾಕಬೇಕು. ತಡ ಮಾಡಿದ್ರೆ ಮೇಲೆ ಬಿರುಕು ಬಿಡುತ್ತೆ, ಉಬ್ಬಲ್ಲ. ಇದು ಬೇಗ ಕೈಗೆ ಹತ್ತುತ್ತೆ. ಬಡಿಯೋರ ಪಕ್ಕವೇ ಕೂತಿರ್ತೀರಿ, ಕೈಗೆ ಕೆಲಸ ಇರುತ್ತೆ, ಎಲ್ಲ ಮಾತೂ ಕಿವಿಗೆ ಬೀಳುತ್ತೆ. ಉತ್ತರ ಹೊಳೆಯದಿದ್ರೆ ರೊಟ್ಟಿ ತಿರುವ್ತಾ ನಕ್ಕುಬಿಡಿ. ಯಾರಿಗೂ ಗೊತ್ತಾಗಲ್ಲ. ಏಳನೇ ತಿಂಗಳಲ್ಲಿ ನೆಲದ ಒಲೆ ಮುಂದೆ ಕೂರೋದು ಕಷ್ಟ ಅನ್ನಿ, ಈ ಸಲ ಬೇಡ. ಬಾಣಂತನ ಮುಗಿದ ಮೇಲೆ.

ಕೋಳಿ ವಾಸನೆ ಮಾತು ನನಗೆ ಸರಿ ಅನ್ನಿಸಲಿಲ್ಲ.

ಹಳೇ_ಫೈಲು

ಸ್ವಲ್ಪ ಹಿಂದಿನ ಕಥೆ ಹೇಳಿದ್ರೆ ತಪ್ಪಿಲ್ಲ ಅಂದ್ಕೋತೀನಿ. ಗದಗ, ಧಾರವಾಡ, ವಿಜಯಪುರ ಎಲ್ಲ 1956ರವರೆಗೆ ಮುಂಬಯಿ ಸರ್ಕಾರದ ಕೆಳಗಿದ್ದವು. ವೈನಿ, ಕಾಕಾ, ಸಂಡಾಸ ಅನ್ನೋ ಮಾತುಗಳು ಮರಾಠಿ ಒಡನಾಟದಿಂದ ಬಂದವು. ಕಲಬುರಗಿ, ರಾಯಚೂರು ನಿಜಾಮರ ಕಡೆ. ಅಲ್ಲಿ ಉರ್ದುವಿನ ಪಾಲು ಜಾಸ್ತಿ. ಮಂಡ್ಯ ಮೈಸೂರು ಅರಸರ ಸೀಮೆ. ಅಂದ್ರೆ ಈಕೆಯ ಅಜ್ಜಿ, ಅವರ ಗಂಡನ ಅಜ್ಜಿ ಒಂದೇ ರಾಜ್ಯದಲ್ಲಿ ಹುಟ್ಟಿದವರೇ ಅಲ್ಲ.

ಇನ್ನೊಂದು. ಹಿಂದೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹುಡುಗಿ ಕೊಡೋದು ಎರಡೂ ಕಡೆ ಇತ್ತು. ಸೊಸೆ ಆಗಿ ಬರೋಳು ಆ ಮನೆಯ ಚಾಷ್ಟಿ ಕೇಳಿಯೇ ಬೆಳೆದಿರ್ತಿದ್ದಳು. ಯಾರು ಸಿಟ್ಟಿನ ಮನುಷ್ಯ, ಯಾರ ಮಾತಿಗೆ ಕಿವಿ ಕೊಡಬಾರದು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಮದುವೆಗಳು ದೂರ ದೂರ ಹೋದವು, ಮನೆಯೊಳಗಿನ ಆಟದ ನಿಯಮ ಮಾತ್ರ ಹಾಗೇ ಉಳೀತು.

ಗದಗಿನ_ಅಕ್ಕಾರು

ಹಳೇ ಫೈಲು ಸರ್ ಸರಿಯಾಗಿ ಹೇಳಿದ್ರು.

ಈಗ ಒಡಪಿಗೆ ಬರೋಣ. ಆ ಕ್ಷಣಕ್ಕೆ ಏನೂ ಹೊಳೆಯಲ್ಲ ಅಂದ್ರಲ್ಲ, ಒಡಪು ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಅದೊಂದೇ ಚಾಷ್ಟಿಗೆ ಮನೆಯಲ್ಲೇ ತಯಾರಿ ಮಾಡಿಕೊಂಡು ಬರೋಕೆ ಬಿಡ್ತಾರೆ. ಗಂಡನ ಹೆಸರು ಬಾಯಲ್ಲಿ ಆಡಬಾರದು ಅನ್ನೋ ಕಟ್ಟಳೆ ಇದ್ದ ಕಾಲದಲ್ಲಿ, ಎಲ್ಲರ ಮುಂದೆ ಆಡೋಕೆ ಕೊಟ್ಟ ಒಂದು ಅವಕಾಶ ಇದು. ಮದುವೆಯಲ್ಲಿ, ಮನೆ ತುಂಬಿಸಿಕೊಳ್ಳೋವಾಗ, ಕುಬಸದಲ್ಲಿ ಕೇಳ್ತಾರೆ.

ಕಟ್ಟೋದು ಕಷ್ಟವಿಲ್ಲ. ಎರಡು ಸಾಲು ಸಾಕು. ಮೊದಲ ಸಾಲಿನಲ್ಲಿ ಕಣ್ಣಿಗೆ ಕಾಣೋ ಏನಾದ್ರೂ ಇಟ್ಟುಕೊಳ್ಳಿ. ತಟ್ಟೆ, ಹೂವು, ರೊಟ್ಟಿ, ಹಸಿರು ಬಳೆ, ಯಾವುದಾದ್ರೂ ಸರಿ. ಅದಕ್ಕೂ ಗಂಡನಿಗೂ ಸಂಬಂಧ ಇರಬೇಕಂತೇನಿಲ್ಲ. ಎರಡನೇ ಸಾಲಿನಲ್ಲಿ ಹೆಸರು ಬರಬೇಕು, ಕೊನೆಗೆ ಪ್ರಾಸ ಕೂಡಬೇಕು. ಹೆಸರಿನಿಂದ ಹಿಂದಕ್ಕೆ ಬನ್ನಿ. ಬಸವರಾಜ ಅಂತಿಟ್ಟುಕೊಳ್ಳೋಣ. ರಾಜಕ್ಕೆ ಏನೇನು ಕೂಡುತ್ತೆ? ಬಾಜಾ, ತಾಜಾ, ದರವಾಜಾ. ಇವುಗಳಲ್ಲಿ ಅಡುಗೆಮನೆಗೆ ಹತ್ತಿರದ್ದು ತಾಜಾ. ಈಗ ಅವರು ನಿಮ್ಮ ಮೇಲೆ ಹಾಕಿದ ಮುದ್ದೆಯ ಚಾಷ್ಟಿಯನ್ನ ನೀವೇ ಎತ್ತಿಕೊಳ್ಳಿ:

ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ತಾಜಾ,
ಮುದ್ದಿ ನುಂಗಾಕೀನ ಕರಕೊಂಡ ಬಂದಾರ ನಮ್ಮ ಬಸವರಾಜಾ.

ನಿಮ್ಮನ್ನ ನೀವೇ ಹಂಗಿಸಿಕೊಂಡ್ರೆ ಬೇರೆಯವರಿಗೆ ಏನು ಉಳಿಯುತ್ತೆ? ಚಿಗವ್ವನೇ ಮೊದಲು ನಗ್ತಾಳೆ, ಬರೆದಿಟ್ಟುಕೊಳ್ಳಿ.

ಮೊದಲು ಎರಡು ಸಲ ಬೇಡ ಅನ್ನಿ, ನಾಚಿಕೊಳ್ಳಿ. ಕೂಡಲೇ ಹೇಳಿಬಿಟ್ಟರೆ ರುಚಿ ಇಲ್ಲ. ಅವರು "ಕೇಳಸಲಿಲ್ಲ, ಜೋರ್ ಹೇಳು" ಅಂತಾರೆ. ಕೇಳಿಸಿರುತ್ತೆ. ಎರಡನೇ ಸಲಕ್ಕೆ ಬೇರೆ ಒಂದು ಇಟ್ಟುಕೊಂಡಿದ್ರೆ ನೀವೇ ಗೆದ್ದ ಹಾಗೆ. ಹೇಳಿ ಮುಗಿಸಿದ ಮೇಲೆ, "ಈಗ ಅವರು ನನ್ನ ಹೆಸರು ಹೇಳಲಿ" ಅಂತ ಗಂಡನನ್ನ ಎಳೀರಿ. ಗಂಡಸರು ತಯಾರಿ ಇಲ್ಲದೆ ಬಂದಿರ್ತಾರೆ. ಆಮೇಲೆ ನಿಮ್ಮ ತಂಟೆಗೆ ಯಾರೂ ಬರಲ್ಲ.

ರಾಮನಗರ_ರೇಷ್ಮೆ

ಅಕ್ಕಾರೇ, ನೀವೇ ಉಚ್ಚಾರ ಬದಲಾಯಿಸಬೇಡಿ ಅಂದ್ರಿ. ಈಗ "ಮ್ಯಾಲ, ಬಂದಾರ" ಅಂತ ಹೇಳಿಕೊಡ್ತಿದ್ದೀರಿ! ನಮ್ಮ ಹುಡುಗಿ ನಮ್ಮ ಮಾತಲ್ಲೇ ಹೇಳಲಿ: "ಬಿಸಿ ರೊಟ್ಟಿ ಮೇಲೆ ಬೆಣ್ಣೆ ತಾಜಾ, ಮುದ್ದೆ ನುಂಗೋಳ್ನ ಕರ್ಕೊಂಡ್ ಬಂದ್ರು ನಮ್ ಬಸವರಾಜಾ." ಇದರಲ್ಲಿ ಏನು ಕಮ್ಮಿ?

ಗದಗಿನ_ಅಕ್ಕಾರು

ಒಡಪು ಹಾಡಿನ ಹಾಗೆ. ಹಾಡನ್ನ ಅದರ ಮಾತಲ್ಲೇ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ದಿನದ ಮಾತಿಗೆ ಬೇರೆ ಲೆಕ್ಕ.

ನಾದಿನಿ_ವಿಜಯಪುರ

ನಾನು ರಾಮನಗರದವರ ಕಡೆ. ನಮ್ಮ ವೈನಿ ಮೈಸೂರು ಮಾತಲ್ಲೇ ಒಡಪು ಹೇಳಿದ್ರು, ಅದಕ್ಕೇ ಜಾಸ್ತಿ ಚಪ್ಪಾಳೆ ಬಿತ್ತು.

ಚನ್ನಪಟ್ಟಣದ_ಗೌರಮ್ಮ

ನೀವೆಲ್ಲ ಹುಡುಗಿಗೆ ಹೇಳ್ತಿದ್ದೀರಿ. ಅವಳ ಅಪ್ಪ ಅಮ್ಮನ ಕಥೆ ಏನು? ಕುಬಸಕ್ಕೆ ಬೀಗರು ಹೋದ್ರೆ ಅಲ್ಲಿ ಅವರನ್ನೂ ಬಿಡಲ್ಲ. ನನ್ನ ಮಗಳನ್ನ ಬಾಗಲಕೋಟೆಗೆ ಕೊಟ್ಟಿದ್ದೀವಿ. ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ಬೀಗರ ಕಡೆಯವರು ಒತ್ತಿ ಒತ್ತಿ ಹೋಳಿಗೆ ಬಡಿಸಿದ್ರು. ಬೇಡ ಅಂದಿದ್ದಕ್ಕೆ, "ಬೀಗರ ಹೊಟ್ಟಿ ಸಣ್ಣದೈತಿ, ಮನಸ್ಸೂ ಹಂಗೇ ಏನ?" ಅಂದ್ರು. ಇವರು ಎಲೆ ಬಿಟ್ಟು ಏಳೋದೊಂದು ಬಾಕಿ. ದಾರಿಯುದ್ದಕ್ಕೂ ಅದೇ ಮಾತು.

ನಮ್ಮ ಕಡೆಯೂ ಬೀಗರನ್ನ ಹಂಗಿಸೋ ಪದಗಳು ಇದ್ದವಲ್ಲ. ನಮ್ಮಜ್ಜಿ ಮದುವೆಮನೆಯಲ್ಲಿ ಬೀಗರ ಮೇಲೆ ಹಾಡು ಕಟ್ಟಿ ಹೇಳ್ತಿದ್ದರು. ನಾವು ಛತ್ರಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ಬಿಟ್ಟುಹೋಯ್ತು. ಅವರಲ್ಲಿ ಇನ್ನೂ ಇದೆ. ಅದಕ್ಕೇ ಹೇಳೋದು ಮಗಳೇ, ಹೊರಡೋ ಮುಂಚೆ ನಿಮ್ಮಮ್ಮನಿಗೆ ಹೇಳಿ ಕರ್ಕೊಂಡು ಹೋಗು. ನಿಮ್ಮಜ್ಜಿ ಇದ್ದರೆ ಅವರನ್ನೇ ಕರ್ಕೊಂಡು ಹೋಗು. ಹಳೇ ಕಾಲದ ಅಜ್ಜಿಯರಿಗೆ ಇದು ಹೊಸದಲ್ಲ, ಆ ಕಡೆಯ ಅಜ್ಜಿಯ ಜೊತೆ ಜೋಡಿಯಾಗಿಬಿಡ್ತಾರೆ.

ಉಡುಪಿ_ಅಳಿಯ

ನನ್ನ ಹೆಂಡತಿ ಮನೆಯಲ್ಲಿ ಒಡಪು ಕೇಳಲ್ಲ, ಪುಣ್ಯ. ಅವಳ ಹೆಸರು ಶ್ರೀವಿದ್ಯಾಲಕ್ಷ್ಮಿ.

ಸುಮಾ_ಎಲ್ಎಲ್‌ಬಿ

ನಾನು ಅವಸರದಲ್ಲಿ ಓದಿದೆ ಅನ್ನಿಸುತ್ತೆ. ಆದ್ರೆ ಕೋಳಿ ವಾಸನೆ ಮಾತನ್ನ ಎಲ್ಲರೂ ದಾಟಿಕೊಂಡು ಹೋಗ್ತಿದ್ದೀರಿ. ಚಾಷ್ಟಿ ಅಂತ ಎಲ್ಲದಕ್ಕೂ ಹೆಸರಿಟ್ಟರೆ ಹೇಗೆ?

ಗದಗಿನ_ಅಕ್ಕಾರು

ಇದಕ್ಕೆ ಉತ್ತರ ಕೊಡಬೇಕು ಅಂತಲೇ ಇದ್ದೆ. ಚಾಷ್ಟಿ ಯಾವುದು, ಚುಚ್ಚುಮಾತು ಯಾವುದು ಅಂತ ನಾನು ಹೇಗೆ ನೋಡ್ತೀನಿ ಹೇಳ್ತೀನಿ. ಒಂದು, ಆ ಮಾತಿಗೆ ತಿರುಗಿ ಚಾಷ್ಟಿ ಮಾಡೋಕೆ ಜಾಗ ಇದೆಯಾ? ರೊಟ್ಟಿ ನಕಾಶಿ ಆಯ್ತು ಅಂದ್ರೆ ಉತ್ತರ ಇದೆ. ನಿನ್ನ ಕೈ ತಾಗಿದ್ರೆ ಪಾತ್ರೆ ಕೆಡುತ್ತೆ ಅಂದ್ರೆ ಏನು ಉತ್ತರ ಕೊಡೋದು? ಎರಡು, ನಾಲ್ಕು ಜನ ಇದ್ದಾಗ ಮಾತ್ರ ಅಂತಾರಾ, ಇಬ್ಬರೇ ಇದ್ದಾಗಲೂ ಅಂತಾರಾ? ಚಾಷ್ಟಿಗೆ ನಗೋರು ಬೇಕು. ಯಾರೂ ಇಲ್ಲದಾಗ ಅಂದಿದ್ದು ಚಾಷ್ಟಿ ಅಲ್ಲ. ಮತ್ತೆ ತವರಿನವರು ಏನು ಕೊಟ್ಟರು, ಏನು ತಂದಳು ಅನ್ನೋ ಮಾತು ಬಂದ್ರೆ ಅದು ಎಷ್ಟು ನಗು ಮುಖದಲ್ಲಿ ಬಂದ್ರೂ ನಾನು ಚಾಷ್ಟಿ ಅನ್ನಲ್ಲ.

ಈ ಲೆಕ್ಕದಲ್ಲಿ ದೊಡ್ಡವ್ವನ ಮಾತು ತಪ್ಪು. ಅತ್ತೆ ನಗಲಿಲ್ಲ ಅಂದ್ರಲ್ಲ, ಅವರಿಗೂ ಅದು ಗೊತ್ತು. ದೊಡ್ಡವ್ವನಿಗೆ ಇದನ್ನ ನೀವು ಹೇಳಬೇಡಿ, ಗಂಡನೂ ಹೇಳೋದು ಬೇಡ. ಅತ್ತೆ ಹೇಳಬೇಕು. ಅತ್ತೆ ಒಬ್ಬರೇ ಇರೋವಾಗ, "ಆ ಮಾತು ನನಗೆ ನೋವಾಯ್ತು ರೀ ಅತ್ತಿ" ಅಂತ ಒಂದೇ ಸಾಲು ಹೇಳಿ ಬಿಡಿ. ವಿವರಿಸಬೇಡಿ.

ಹಳೇ_ಫೈಲು

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಅತ್ತೆ ತನಗಿಂತ ದೊಡ್ಡವರಿಗೆ ಹೇಗೆ ಹೇಳ್ತಾರೆ? ಆಕೆಗೂ ಅಲ್ಲಿ ಸೊಸೆಯ ಜಾಗವೇ. ಗಂಡನೇ ಹೇಳಬೇಕು, ಅವನ ದೊಡ್ಡವ್ವ ಅಲ್ವಾ? ಅವರು ಬೈದರೂ ಅವನನ್ನ ಬೈತಾರೆ, ಅಷ್ಟೇ.

ನಾದಿನಿ_ವಿಜಯಪುರ

ಗಂಡ ಹೇಳಿದ್ರೆ "ಹೆಂಡತಿ ಕಿವಿ ಚುಚ್ಚಿದಳು" ಅಂತಾರೆ. ನಾದಿನಿ ಹೇಳಲಿ. ನಮ್ಮ ಮಾತಿಗೆ ಯಾರೂ ಸಿಟ್ಟಾಗಲ್ಲ, ನಾವು ಹೇಗಿದ್ರೂ ಬಾಯಿಬಡುಕರು.

ವಿನಯ್_ಹುಬ್ಬಳ್ಳಿ

ನಮ್ಮ ಮನೆಯಲ್ಲಿ ಈ ಮಾತು ಬಂದಿದ್ರೆ ನಾನು ದೊಡ್ಡವ್ವನ ಎದುರಿಗೇ "ಆ ಪಾತ್ರಿಯೊಳಗ ನನಗೂ ಬ್ಯಾಡ" ಅಂತ ಎದ್ದು ಹೋಗ್ತಿದ್ದೆ.

ಗದಗಿನ_ಅಕ್ಕಾರು

ವಿನಯ್, ಮೊದಲ ಸಲ ಒಂದು ಒಳ್ಳೆ ಮಾತು ಹೇಳಿದಿ ನೋಡು.

ಕಾವೇರಿ_ಕಡೆಯವಳು

ಎಲ್ಲರಿಗೂ ಥ್ಯಾಂಕ್ಸ್. ದೊಡ್ಡವ್ವನ ವಿಷಯ ಕುಬಸ ಮುಗಿಯೋವರೆಗೆ ಎತ್ತಲ್ಲ. ಆಮೇಲೆ ನಾದಿನಿ ಹತ್ತಿರ ಮಾತಾಡಿ ನೋಡ್ತೀನಿ. ಗೌರಮ್ಮನವರೇ, ಅಜ್ಜಿಗೆ ಹೇಳಿದೆ. "ಬೀಗರ ಪದ ನನಗೂ ನಾಲ್ಕು ಬರ್ತವೆ" ಅಂತ ಈಗಿಂದಲೇ ಶುರು ಮಾಡಿದ್ದಾರೆ. ಒಂದನ್ನ ಕೇಳಿ ನಮ್ಮಪ್ಪ, ಇದನ್ನ ಮಾತ್ರ ಅಲ್ಲಿ ಹೇಳಬೇಡಮ್ಮ ಅಂತ ಕೈ ಮುಗಿದ್ರು.

ಅಕ್ಕಾರೇ, ಈಗ ನಿಜವಾದ ಕಷ್ಟ ಹೇಳ್ತೀನಿ. ನನ್ನ ಗಂಡನ ಹೆಸರು ಬಸವರಾಜ ಅಲ್ಲ, ಮಲ್ಲಿಕಾರ್ಜುನ. ನಿನ್ನೆ ರಾತ್ರಿಯಿಂದ ಅರ್ಜುನಕ್ಕೆ ಪ್ರಾಸ ಹುಡುಕ್ತಿದ್ದೀನಿ. ಒಂದೂ ಸಿಗಲಿಲ್ಲ. ಇವರನ್ನ ಕೇಳಿದ್ರೆ ಮಲ್ಲು ಅಂತ ಹೇಳು, ಹಲ್ಲು ಕಲ್ಲು ಎಲ್ಲ ಕೂಡುತ್ತೆ ಅಂತಾರೆ.

ಗದಗಿನ_ಅಕ್ಕಾರು

ಹಲ್ಲು ಕಲ್ಲು ಬೇಡವಾ. ದೊಡ್ಡ ಹೆಸರನ್ನ ಕೊನೆಗೆ ಇಡಬಾರದು, ನಡುವೆ ಮುಚ್ಚಿಡಬೇಕು. ಪ್ರಾಸ ಬೇರೆ ಕಡೆ ಕೂಡಿಸಬೇಕು.

ಮುದ್ದಿ ನುಂಗಾಕಿ ಕೈಯಾಗ ಒಂದ ಬಿಸಿ ರೊಟ್ಟಿ ಕೊಡ್ರಿ,
ಮಲ್ಲಿಕಾರ್ಜುನರ ಹೆಸರ ಹೇಳೀನಿ, ಇನ್ನ ನನ್ನ ಬಿಡ್ರಿ.

ರಾಮನಗರ_ರೇಷ್ಮೆ

"ಕೊಡಿ, ಬಿಡಿ" ಅಂದ್ರೂ ಪ್ರಾಸ ಕೂಡುತ್ತೆ. ಸುಮ್ನೆ ಹೇಳಿದೆ.

ಗದಗಿನ_ಅಕ್ಕಾರು

ನೀವು ಬಿಡಂಗಿಲ್ಲ ಬಿಡ್ರಿ.